ಡ್ರಮ್ಮಿನಲ್ಲಿ ಹಾಲಾದ ಗೊಬ್ಬರ

ಉಡಿಗಾಲದಲ್ಲಿ ನಮ್ಮ ದೊಡ್ಡಪ್ಪನ ಬಾಳೆ ತೋಟ ಇದೆ. ಬೋರ್‌ವೆಲ್ ನೀರು, ಡ್ರಿಪ್. ಪಂಪ್ ಮನೆ ಪಕ್ಕ 200 ಲೀಟರಿನ ಒಂದು ನೀಲಿ ಡ್ರಮ್. ಅದರಲ್ಲಿ ಗೊಬ್ಬರ ಕರಗಿಸಿ, ವೆಂಚುರಿ ಮೂಲಕ ಡ್ರಿಪ್ ಪೈಪಿಗೆ ಎಳೆಸಿದರೆ ಪ್ರತಿ ಗಿಡದ ಬುಡಕ್ಕೂ ನೀರಿನ ಜೊತೆ ಗೊಬ್ಬರ ಹೋಗುತ್ತದೆ. ಚಾಮರಾಜನಗರ, ಗುಂಡ್ಲುಪೇಟೆ ಕಡೆ ಬಾಳೆ, ಅರಿಶಿನ ಬೆಳೆಯುವವರಲ್ಲಿ ಈ ಪದ್ಧತಿ ಹೊಸದೇನಲ್ಲ.

ಹೋದ ರಜೆಯಲ್ಲಿ ಊರಿಗೆ ಹೋಗಿದ್ದಾಗ ದೊಡ್ಡಪ್ಪ ಸಿಟ್ಟಿನಲ್ಲಿದ್ದರು. ಎರಡು ಸಾಲು ಬಾಳೆಗೆ ನೀರೇ ಬರ್ತಿರಲಿಲ್ಲ, ಡ್ರಿಪ್ಪರ್‌ಗಳು ಕಟ್ಟಿಕೊಂಡಿದ್ದವು. ಫಿಲ್ಟರ್ ಬಿಚ್ಚಿದರೆ ಒಳಗೆ ಬಿಳಿ ಹಿಟ್ಟು. ಡ್ರಮ್ಮಿನ ತಳದಲ್ಲೂ ಅದೇ ಹಿಟ್ಟು, ಕೈ ಹಾಕಿದರೆ ಮರಳಿನ ಹಾಗೆ ಗರಗರ.

"ಗೊಬ್ಬರದಲ್ಲಿ ಸುಣ್ಣ ಬೆರ್ಸವ್ರೆ ಕಣ್ಲಾ. ಎರಡು ಮೂಟೆಯೂ ಒಂದೇ ಅಂಗಡೀಲಿ ತಂದಿದ್ದು. ನಾಳೆ ಹೋಗಿ ಕೇಳ್ದೇ ಬಿಡಾಕಿಲ್ಲ ನಾನು," ಅಂದರು. ಆಮೇಲೆ ನನ್ನ ಕಡೆ ತಿರುಗಿ, "ನೀನು ಇಂಜಿನಿಯರಿಂಗ್ ಓದ್ತಿದ್ದೀಯಲ್ಲ, ಇದೇನು ಅಂತ ಯೋಳು ನೋಡಾನ," ಅಂದರು.

ಆ ಎರಡು ಮೂಟೆಗಳಲ್ಲಿ ಒಂದು ಕ್ಯಾಲ್ಸಿಯಂ ನೈಟ್ರೇಟ್, ಇನ್ನೊಂದು ಮೆಗ್ನೀಷಿಯಂ ಸಲ್ಫೇಟ್. ಎರಡನ್ನೂ ಐದೈದು ಕೆಜಿ ಒಂದೇ ಡ್ರಮ್ಮಿಗೆ ಸುರಿದು ಕಲಸಿದ್ದರು. ಎರಡು ಸಲ ಓಡಾಡುವ ಬದಲು ಒಂದೇ ಸಲ ಮುಗಿಯಲಿ ಅಂತ. ಅಂಗಡಿಯವರು ಮೋಸ ಮಾಡಿದ್ದಾರೋ ಇಲ್ಲವೋ ಅನ್ನೋ ಪ್ರಶ್ನೆಗೆ ಉತ್ತರ ನಾವೆಲ್ಲ ಪಿಯುಸಿಯಲ್ಲಿ ಬರೆದು ಮರೆತ ಒಂದು ಸಮೀಕರಣದಲ್ಲಿತ್ತು.

ಡ್ರಮ್ಮಿನಲ್ಲಿ ನಿಜವಾಗಿ ಏನಿದೆ?

ಎರಡು ಲವಣದ ದ್ರಾವಣ ಬೆರೆಸಿದಾಗ ಪ್ರಕ್ಷೇಪ ಬರುತ್ತದೋ ಇಲ್ಲವೋ ಅಂತ ಹೇಳೋಕೆ ಮೊದಲು ಮೂಟೆಯ ಮೇಲಿನ ಹೆಸರು ಮರೆಯಬೇಕು. ನೀರಿಗೆ ಬಿದ್ದ ಮೇಲೆ "ಕ್ಯಾಲ್ಸಿಯಂ ನೈಟ್ರೇಟ್" ಅನ್ನುವ ವಸ್ತು ಅಲ್ಲಿ ಇರುವುದಿಲ್ಲ. ಅದು ಕ್ಯಾಲ್ಸಿಯಂ ಅಯಾನು ಮತ್ತು ನೈಟ್ರೇಟ್ ಅಯಾನುಗಳಾಗಿ ಬಿಡಿಬಿಡಿಯಾಗಿ ಓಡಾಡುತ್ತಿರುತ್ತದೆ. ಮೆಗ್ನೀಷಿಯಂ ಸಲ್ಫೇಟ್ ಕೂಡ ಹಾಗೇ. ಆದ್ದರಿಂದ ಡ್ರಮ್ಮಿನಲ್ಲಿ ಇರುವುದು ನಾಲ್ಕು ಬಗೆಯ ಅಯಾನು:

Ca²⁺, NO₃⁻, Mg²⁺, SO₄²⁻

ಅಂಗಡಿಯ ಕ್ಯಾಲ್ಸಿಯಂ ನೈಟ್ರೇಟ್‌ನಲ್ಲಿ ಸ್ವಲ್ಪ ಅಮೋನಿಯಂ (NH₄⁺) ಕೂಡ ಇರುತ್ತದೆ. ನಮ್ಮ ಲೆಕ್ಕಕ್ಕೆ ಅದು ಅಡ್ಡ ಬರಲ್ಲ, ಯಾಕೆ ಅಂತ ಈಗಲೇ ಗೊತ್ತಾಗುತ್ತದೆ.

ಈಗ ಜೋಡಿ ಬದಲಿಸಿ ನೋಡೋಣ. ಧನ ಅಯಾನಿಗೆ ಇನ್ನೊಂದು ಲವಣದ ಋಣ ಅಯಾನು ಸೇರಿದರೆ ಹುಟ್ಟುವ ಹೊಸ ಜೋಡಿ ಎರಡೇ: ಮೆಗ್ನೀಷಿಯಂ ನೈಟ್ರೇಟ್ ಮತ್ತು ಕ್ಯಾಲ್ಸಿಯಂ ಸಲ್ಫೇಟ್. ಪ್ರಕ್ಷೇಪ ಬರುವುದಾದರೆ ಇವೆರಡರಲ್ಲಿ ಒಂದು ಕರಗದಿರಬೇಕು.

ಯಾವುದು ಕರಗುತ್ತದೆ, ಯಾವುದು ಇಲ್ಲ ಅಂತ ದೊಡ್ಡ ಪಟ್ಟಿಯನ್ನೇ ಬಾಯಿಪಾಠ ಮಾಡಿಸಿರುತ್ತಾರೆ. ಇಲ್ಲಿಗೆ ಬೇಕಾದ್ದು ಎರಡೇ ಸಾಲು. ಒಂದು, ನೈಟ್ರೇಟ್ ಲವಣಗಳು ಮತ್ತು ಸೋಡಿಯಂ, ಪೊಟ್ಯಾಸಿಯಂ, ಅಮೋನಿಯಂ ಲವಣಗಳು ಸಾಮಾನ್ಯವಾಗಿ ಕರಗುತ್ತವೆ. ಎರಡು, ಸಲ್ಫೇಟ್‌ಗಳು ಹೆಚ್ಚಿನವು ಕರಗುತ್ತವೆ, ಆದರೆ ಬೇರಿಯಂ, ಸ್ಟ್ರಾಂಷಿಯಂ, ಸೀಸದ ಸಲ್ಫೇಟ್ ಕರಗಲ್ಲ, ಕ್ಯಾಲ್ಸಿಯಂ ಸಲ್ಫೇಟ್ ಅಲ್ಪಸ್ವಲ್ಪ ಮಾತ್ರ ಕರಗುತ್ತದೆ.

ಮೊದಲ ಸಾಲಿನಿಂದ ಮೆಗ್ನೀಷಿಯಂ ನೈಟ್ರೇಟ್ ಬಚಾವ್. ಅಮೋನಿಯಂ ಕೂಡ ಅಲ್ಲೇ ಬಚಾವ್. ಎರಡನೇ ಸಾಲಿನಲ್ಲಿ ಕ್ಯಾಲ್ಸಿಯಂ ಸಲ್ಫೇಟ್ ಸಿಕ್ಕಿಬಿತ್ತು. ನೀರಿನಿಂದ ಹೊರಬೀಳುವಾಗ ಅದು ಎರಡು ನೀರಿನ ಅಣುಗಳನ್ನು ಜೊತೆಗೆ ಕಟ್ಟಿಕೊಂಡು ಬರುತ್ತದೆ: CaSO₄·2H₂O. ಇದಕ್ಕೆ ನಾವು ಇಟ್ಟಿರುವ ಹೆಸರು ಜಿಪ್ಸಂ. ದೊಡ್ಡಪ್ಪ ಸುಣ್ಣ ಅಂದುಕೊಂಡಿದ್ದು ಇದನ್ನೇ. ಯಾರೂ ಬೆರೆಸಿದ್ದಲ್ಲ, ಡ್ರಮ್ಮಿನಲ್ಲೇ ಹುಟ್ಟಿದ್ದು.

ಸಮೀಕರಣ ಬರೆಯುವುದು

ಮೊದಲು ಎಲ್ಲರಿಗೂ ರೂಢಿ ಇರುವ, ಪೂರ್ತಿ ಸೂತ್ರಗಳ ಸಮೀಕರಣ:

Ca(NO₃)₂ + MgSO₄ + 2H₂O → CaSO₄·2H₂O + Mg(NO₃)₂

ಇದರಲ್ಲಿ ತಪ್ಪೇನಿಲ್ಲ, ಆದರೆ ಡ್ರಮ್ಮಿನೊಳಗೆ ಏನಾಯಿತು ಅನ್ನುವುದನ್ನು ಇದು ಮುಚ್ಚಿಡುತ್ತದೆ. ಕರಗಿರುವ ಲವಣಗಳನ್ನೆಲ್ಲ ಬಿಡಿಸಿ ಬರೆದರೆ ನಿಜ ಕಾಣುತ್ತದೆ. (aq) ಅಂದರೆ ನೀರಿನಲ್ಲಿ ಕರಗಿರುವುದು, (s) ಅಂದರೆ ಘನ, (l) ಅಂದರೆ ದ್ರವ.

Ca²⁺(aq) + 2NO₃⁻(aq) + Mg²⁺(aq) + SO₄²⁻(aq) + 2H₂O(l) → CaSO₄·2H₂O(s) + Mg²⁺(aq) + 2NO₃⁻(aq)

ಎಡಗಡೆ ಇದ್ದ ಹಾಗೇ ಬಲಗಡೆಯೂ ಇರುವವರು ಯಾರು? ಮೆಗ್ನೀಷಿಯಂ ಮತ್ತು ನೈಟ್ರೇಟ್. ಜಗಳಕ್ಕೆ ನಿಂತು ನೋಡಿದ್ದು ಬಿಟ್ಟರೆ ಇವರು ಏನೂ ಮಾಡಿಲ್ಲ. ಇವುಗಳಿಗೆ ಪ್ರೇಕ್ಷಕ ಅಯಾನು ಅನ್ನುತ್ತಾರೆ. ಎರಡೂ ಕಡೆಯಿಂದ ಅವನ್ನು ಹೊಡೆದು ಹಾಕಿದರೆ ಉಳಿಯುವುದು ನಿವ್ವಳ ಅಯಾನಿಕ ಸಮೀಕರಣ:

Ca²⁺(aq) + SO₄²⁻(aq) + 2H₂O(l) → CaSO₄·2H₂O(s)

ಬರೆದ ಮೇಲೆ ಎರಡು ತಾಳೆ ನೋಡಬೇಕು. ಪರಮಾಣುಗಳು ಎರಡೂ ಕಡೆ ಸಮ ಇರಬೇಕು. ಜೊತೆಗೆ ಒಟ್ಟು ಚಾರ್ಜ್ ಕೂಡ ಸಮ ಇರಬೇಕು. ಇಲ್ಲಿ ಎಡಗಡೆ +2 ಮತ್ತು −2 ಸೇರಿ ಸೊನ್ನೆ, ಬಲಗಡೆಯೂ ಸೊನ್ನೆ. ಎರಡನೇ ತಾಳೆಯನ್ನು ನೋಡದೆ ಬಿಡುವುದರಿಂದಲೇ ಪರೀಕ್ಷೆಯಲ್ಲಿ ಹೆಚ್ಚು ತಪ್ಪಾಗುವುದು. ಇನ್ನೊಂದು ತಪ್ಪು, ಘನವಾಗಿ ಕೆಳಗೆ ಕೂತದ್ದನ್ನೂ ಅಯಾನುಗಳಾಗಿ ಬಿಡಿಸಿಬಿಡುವುದು. ನೀರಿನಲ್ಲಿ ಯಾವುದು ಬಿಡಿಬಿಡಿಯಾಗಿ ಇದೆಯೋ ಅದನ್ನು ಮಾತ್ರ ಬಿಡಿಸಿ. ಘನ, ಅನಿಲ, ನೀರು ಇವು ಇಡಿಯಾಗಿಯೇ ಇರುತ್ತವೆ.

ಈ ಚಿಕ್ಕ ಸಮೀಕರಣದಿಂದ ತೋಟಕ್ಕೆ ಏನು ಲಾಭ ಅಂದರೆ, ಅದರಲ್ಲಿ ಮೆಗ್ನೀಷಿಯಂ ಇಲ್ಲ, ನೈಟ್ರೇಟ್ ಇಲ್ಲ. ಅಂದರೆ ನಾಳೆ ದೊಡ್ಡಪ್ಪ ಮೆಗ್ನೀಷಿಯಂ ಸಲ್ಫೇಟ್ ಬಿಟ್ಟು ಅಮೋನಿಯಂ ಸಲ್ಫೇಟೋ ಪೊಟ್ಯಾಸಿಯಂ ಸಲ್ಫೇಟೋ ತಂದು ಅದೇ ಕ್ಯಾಲ್ಸಿಯಂ ನೈಟ್ರೇಟ್ ಜೊತೆ ಕಲಸಿದರೂ ಡ್ರಮ್ಮಿನಲ್ಲಿ ನಡೆಯುವುದು ಇದೇ ಕ್ರಿಯೆ. ಮೂಟೆಯ ಹೆಸರು ಬೇರೆ, ಪ್ರೇಕ್ಷಕರು ಬೇರೆ, ತಳದ ಹಿಟ್ಟು ಒಂದೇ.

"ಅಲ್ಪಸ್ವಲ್ಪ" ಅಂದರೆ ಎಷ್ಟು?

ಇಲ್ಲಿಗೆ ನಿಲ್ಲಿಸಬಹುದಿತ್ತು. ಆದರೆ ದೊಡ್ಡಪ್ಪ ಒಂದು ಒಳ್ಳೇ ಪ್ರಶ್ನೆ ಕೇಳಿದರು. "ಎರಡೂ ಕೂಡಿದ್ರೆ ಕಲ್ಲಾಗೋದಾದ್ರೆ, ಇವತ್ತೊಂದು ನಾಳೆಯೊಂದು ಬಿಟ್ರೂ ಮಣ್ಣಲ್ಲಿ ಕೂಡ್ತವಲ್ಲ? ನಮ್ ಬೋರ್ ನೀರಲ್ಲೇ ಸುಣ್ಣ ಐತೆ, ಪಾತ್ರೇಲೆಲ್ಲಾ ಕಟ್ಕತದೆ. ಆವಾಗ ಪೈಪ್ ಯಾಕೆ ಕಟ್ಟಲ್ಲ?"

ಕರಗುತ್ತದೆ, ಕರಗಲ್ಲ ಅನ್ನುವ ಪಟ್ಟಿ ಈ ಪ್ರಶ್ನೆಗೆ ಉತ್ತರ ಕೊಡಲ್ಲ. ಎಷ್ಟು ನೀರಿನಲ್ಲಿ ಎಷ್ಟು ಇದೆ ಅನ್ನುವ ಲೆಕ್ಕ ಬೇಕು. 25 ಡಿಗ್ರಿ ಸೆಲ್ಸಿಯಸ್‌ನಲ್ಲಿ ಜಿಪ್ಸಮ್ಮಿನ ವಿಲೇಯತಾ ಗುಣಲಬ್ಧ, ಅಂದರೆ ನಾವು Ksp ಅಂತ ಬರೆಯುವುದು, ಸುಮಾರು 3.1 × 10⁻⁵. ದ್ರಾವಣದಲ್ಲಿರುವ ಕ್ಯಾಲ್ಸಿಯಂ ಮತ್ತು ಸಲ್ಫೇಟ್ ಸಾರತೆಗಳನ್ನು ಗುಣಿಸಿದಾಗ ಬರುವ ಸಂಖ್ಯೆಯನ್ನು Q ಅನ್ನೋಣ. Q ಈ ಮಿತಿ ದಾಟಿದರೆ ಪ್ರಕ್ಷೇಪಕ್ಕೆ ದಾರಿ ಇದೆ, ಒಳಗಿದ್ದರೆ ಇಲ್ಲ.

ಡ್ರಮ್ಮಿನ ಲೆಕ್ಕ ಮಾಡೋಣ. ಕ್ಯಾಲ್ಸಿಯಂ ನೈಟ್ರೇಟ್ ಮೂಟೆಯ ಮೇಲೆ ಕ್ಯಾಲ್ಸಿಯಂ 18.8% ಅಂತ ಅಚ್ಚಾಗಿದೆ. 5 ಕೆಜಿಗೆ 940 ಗ್ರಾಂ ಕ್ಯಾಲ್ಸಿಯಂ. ಅದನ್ನು 40.1ರಿಂದ ಭಾಗಿಸಿದರೆ 23.4 ಮೋಲ್. 200 ಲೀಟರಿನಲ್ಲಿ ಅದು ಲೀಟರಿಗೆ 0.117 ಮೋಲ್. ಮೆಗ್ನೀಷಿಯಂ ಸಲ್ಫೇಟ್ ಏಳು ನೀರಿನ ಅಣು ಕಟ್ಟಿಕೊಂಡ ಲವಣ, ಅಣುತೂಕ 246.5. 5 ಕೆಜಿಗೆ 20.3 ಮೋಲ್, ಅಂದರೆ ಲೀಟರಿಗೆ 0.101 ಮೋಲ್ ಸಲ್ಫೇಟ್.

Q = 0.117 × 0.101 = 1.2 × 10⁻²

ಇದು Ksp ಗಿಂತ ಸುಮಾರು 380 ಪಟ್ಟು ಹೆಚ್ಚು. ಇಷ್ಟು ಮಿತಿ ಮೀರಿದಾಗ ಜಿಪ್ಸಂ ಬಹಳ ಹೊತ್ತು ಕಾಯಲ್ಲ. ಕಲಸುತ್ತಿದ್ದ ಹಾಗೇ ನೀರು ಮಂಜಾಗಿ, ಹಾಲಾಗಿ, ಆಮೇಲೆ ಸಣ್ಣ ಸೂಜಿಯಂಥ ಹರಳುಗಳು ತಳ ಸೇರುತ್ತವೆ.

ಎಷ್ಟು ಹಿಟ್ಟು ಬರಬಹುದು? ಸಲ್ಫೇಟ್ ಕಮ್ಮಿ ಇರುವುದರಿಂದ ಅದೇ ಮಿತಿ. ಎಲ್ಲಾ 20.3 ಮೋಲ್ ಸಲ್ಫೇಟ್ ಜಿಪ್ಸಂ ಆದರೆ, ಜಿಪ್ಸಮ್ಮಿನ ಅಣುತೂಕ 172ರಂತೆ, 3.5 ಕೆಜಿ. ಇದು ಗರಿಷ್ಠ. ಒಂದಷ್ಟು ಕರಗಿಯೇ ಉಳಿಯುತ್ತದೆ, ಅದನ್ನು ಕಳೆದರೂ ಎರಡು ಕೆಜಿಗಿಂತ ಹೆಚ್ಚು ತಳಕ್ಕೆ ಬರುತ್ತದೆ. ಹತ್ತು ಕೆಜಿ ಗೊಬ್ಬರ ಹಾಕಿ ಎರಡು ಕೆಜಿ ಜಿಪ್ಸಂ ಎತ್ತಿದ ಹಾಗೆ. ಬಾಳೆಗೆ ಅಂತ ದುಡ್ಡು ಕೊಟ್ಟು ತಂದ ಕ್ಯಾಲ್ಸಿಯಂ ಫಿಲ್ಟರಿನಲ್ಲಿ ಕೂತಿತ್ತು.

"ಒಂದಷ್ಟು ಕರಗಿಯೇ ಉಳಿಯುತ್ತದೆ" ಅಂತ ಹಾರಿಸಿ ಹೇಳಿದ್ದಕ್ಕೆ ಕಾರಣ ಇದೆ. Ksp ಯ ವರ್ಗಮೂಲ ತೆಗೆದರೆ ಜಿಪ್ಸಂ ಶುದ್ಧ ನೀರಿನಲ್ಲಿ ಲೀಟರಿಗೆ 0.0056 ಮೋಲ್, ಅಂದರೆ ಒಂದು ಗ್ರಾಂ ಹತ್ತಿರ ಕರಗಬೇಕು ಅಂತ ಬರುತ್ತದೆ. ನಿಜವಾಗಿ ಅಳೆದರೆ ಸುಮಾರು ಎರಡೂವರೆ ಗ್ರಾಂ ಕರಗುತ್ತದೆ. ಎರಡೆರಡು ಚಾರ್ಜ್ ಇರುವ ಅಯಾನುಗಳು ಒಂದನ್ನೊಂದು ಎಳೆಯುತ್ತ, ಕೆಲವು ಕರಗಿದ ಸ್ಥಿತಿಯಲ್ಲೇ ಜೋಡಿಯಾಗಿ ಓಡಾಡುತ್ತವೆ. ಹಾಗಾಗಿ ಅವುಗಳ ಪರಿಣಾಮ ಲೆಕ್ಕದ ಸಾರತೆಗಿಂತ ಕಮ್ಮಿ ಇರುತ್ತದೆ. ಡ್ರಮ್ಮಿನಂಥ ಗಾಢ ದ್ರಾವಣದಲ್ಲಿ ಈ ವ್ಯತ್ಯಾಸ ಇನ್ನೂ ಜಾಸ್ತಿ. ಆದ್ದರಿಂದ ಬರೀ ಸಾರತೆ ಹಾಕಿ ಮಾಡುವ Q ಲೆಕ್ಕವನ್ನು ಯಾವಾಗ ನಂಬಬೇಕು ಗೊತ್ತಿರಲಿ: 380 ಪಟ್ಟು ಅಂತ ಬಂದರೆ ಪ್ರಕ್ಷೇಪ ಖಂಡಿತ. ಎರಡು ಪಟ್ಟು, ಮೂರು ಪಟ್ಟು ಅಂತ ಬಂದರೆ ಕಾಗದದ ಮೇಲೆ ತೀರ್ಮಾನ ಮಾಡಬೇಡಿ, ಬಾಟಲಿಯಲ್ಲಿ ಮಾಡಿ ನೋಡಿ.

ಪೈಪಿನಲ್ಲಿ ಅದೇ ಅಯಾನುಗಳು

ಈಗ ದೊಡ್ಡಪ್ಪನ ಪ್ರಶ್ನೆಗೆ ಬರೋಣ. ಡ್ರಮ್ಮಿನ 200 ಲೀಟರ್ ಖಾಲಿಯಾಗುವಷ್ಟರಲ್ಲಿ ಪೈಪಿನಲ್ಲಿ 10,000 ಲೀಟರ್ ನೀರು ಹರಿಯುತ್ತದೆ ಅಂದುಕೊಳ್ಳಿ. ಅಂದರೆ ಗೊಬ್ಬರ 50 ಪಟ್ಟು ತೆಳುವಾಗುತ್ತದೆ. ಒಂದು ಲೈನಿನಲ್ಲಿ ಎರಡು ಬೇರೆ ಡ್ರಮ್ಮಿನಿಂದ ಎರಡೂ ಗೊಬ್ಬರ ಒಟ್ಟಿಗೆ ಬಂದರೂ, ಕ್ಯಾಲ್ಸಿಯಂ ಲೀಟರಿಗೆ 0.00234 ಮೋಲ್, ಸಲ್ಫೇಟ್ 0.00202 ಮೋಲ್ ಮಾತ್ರ.

Q = 0.00234 × 0.00202 = 4.7 × 10⁻⁶

Ksp ಯ ಆರನೇ ಒಂದು ಭಾಗಕ್ಕಿಂತಲೂ ಕಮ್ಮಿ. ನೀರು 50 ಪಟ್ಟು ಹೆಚ್ಚಾಯಿತು, Q ಮಾತ್ರ 2,500 ಪಟ್ಟು ಇಳಿಯಿತು. ಗುಣಿಸುವ ಎರಡು ಸಂಖ್ಯೆಯೂ 50 ಪಟ್ಟು ಚಿಕ್ಕದಾದವಲ್ಲ, ಅದಕ್ಕೆ.

ಬೋರ್ ನೀರಿನ ಗಡಸುತನವನ್ನೂ ಸೇರಿಸೋಣ. ಲೀಟರಿಗೆ 100 ಮಿಲಿಗ್ರಾಂ ಕ್ಯಾಲ್ಸಿಯಂ ಇರುವ ನೀರು ಅಂದರೆ 0.0025 ಮೋಲ್. ಆಗ ಒಟ್ಟು ಕ್ಯಾಲ್ಸಿಯಂ 0.0048, Q ಸುಮಾರು 9.8 × 10⁻⁶. ಇನ್ನೂ ಮಿತಿಯ ಮೂರನೇ ಒಂದು ಭಾಗದಲ್ಲೇ ಇದೆ. ಜಿಪ್ಸಂ ಬರಲ್ಲ.

ಅದೇ ನಾಲ್ಕು ಅಯಾನು, ಅದೇ ನಿವ್ವಳ ಸಮೀಕರಣ. ಡ್ರಮ್ಮಿನಲ್ಲಿ ಬಾಣ ಬಲಕ್ಕೆ ಓಡುತ್ತದೆ, ಪೈಪಿನಲ್ಲಿ ಓಡುವುದೇ ಇಲ್ಲ. ಕ್ಯಾಲ್ಸಿಯಂ ಗೊಬ್ಬರಕ್ಕೆ ಒಂದು ಟ್ಯಾಂಕ್, ಸಲ್ಫೇಟ್ ಮತ್ತು ಫಾಸ್ಫೇಟ್ ಗೊಬ್ಬರಗಳಿಗೆ ಇನ್ನೊಂದು ಟ್ಯಾಂಕ್ ಅಂತ ಡ್ರಿಪ್ ಬಲ್ಲವರು ಬೇರೆ ಮಾಡುವುದು ಇದಕ್ಕೇ. ಎರಡು ಟ್ಯಾಂಕ್ ಇಲ್ಲದಿದ್ದರೆ ಬೇರೆ ಬೇರೆ ದಿನ ಬಿಡಬೇಕು, ನಡುವೆ ಡ್ರಮ್ ತೊಳೆಯಬೇಕು.

ಇಲ್ಲಿ ಒಬ್ಬರು ಕೇಳಬಹುದು: ಪೈಪಿನಲ್ಲಿ ತೆಳುವಾದ ಮೇಲೆ ಜಿಪ್ಸಂ ಮತ್ತೆ ಕರಗಬೇಕಲ್ಲವಾ? ಲೆಕ್ಕದ ಪ್ರಕಾರ ಹೌದು. 3.5 ಕೆಜಿ ಜಿಪ್ಸಂ 10,000 ಲೀಟರಿಗೆ ಲೀಟರಿಗೆ 0.35 ಗ್ರಾಂ ಅಷ್ಟೇ, ಎರಡೂವರೆ ಗ್ರಾಮಿನ ಒಳಗೇ ಇದೆ. ಆದರೆ Ksp ಹೇಳುವುದು ಕೊನೆಗೆ ಎಲ್ಲಿ ನಿಲ್ಲುತ್ತದೆ ಅಂತ, ಎಷ್ಟು ಹೊತ್ತಿಗೆ ಅಂತ ಅಲ್ಲ. ಹರಳು ನಿಧಾನವಾಗಿ ಕರಗುತ್ತದೆ. ಅಷ್ಟರೊಳಗೆ ಫಿಲ್ಟರಿನ ಜಾಲರಿಯಲ್ಲೋ ಡ್ರಿಪ್ಪರಿನ ಸಣ್ಣ ದಾರಿಯಲ್ಲೋ ಸಿಕ್ಕಿಕೊಂಡಿರುತ್ತದೆ. ಅಲ್ಲಿ ನೀರು ನಿಂತ ಮೇಲೆ, ಒಣಗಿದ ಮೇಲೆ, ಗಟ್ಟಿಯಾಗಿ ಕೂರುತ್ತದೆ.

ಫಾಸ್ಫೇಟ್ ಬಂದರೆ ಲೆಕ್ಕ ಬದಲಾಗುತ್ತದೆ

ಅದೇ ಪಂಪ್ ಮನೆಯ ಮೂಲೆಯಲ್ಲಿ ಇನ್ನೊಂದು ಮೂಟೆ ಇತ್ತು, 12:61:00. ಅದು ಮೋನೋ ಅಮೋನಿಯಂ ಫಾಸ್ಫೇಟ್, NH₄H₂PO₄. ಇದನ್ನು ಕ್ಯಾಲ್ಸಿಯಂ ನೈಟ್ರೇಟ್ ಜೊತೆ ಬೆರೆಸಿದರೆ ಏನಾಗುತ್ತದೆ ಅಂತ ನಮ್ಮ ಕ್ಲಾಸಿನಲ್ಲಿ ಕೇಳಿದರೆ ಬಹಳ ಜನ ಕಣ್ಣು ಮುಚ್ಚಿ ಹೀಗೆ ಬರೆಯುತ್ತಾರೆ:

3Ca²⁺ + 2PO₄³⁻ → Ca₃(PO₄)₂

ಪರಮಾಣು ಸರಿ, ಚಾರ್ಜ್ ಸರಿ. ಆದರೂ ತಪ್ಪು. ಯಾಕೆಂದರೆ ಆ ದ್ರಾವಣದಲ್ಲಿ PO₄³⁻ ಲೆಕ್ಕಕ್ಕೆ ಸಿಗುವಷ್ಟು ಇಲ್ಲವೇ ಇಲ್ಲ. ಈ ಗೊಬ್ಬರದ ದ್ರಾವಣ ಸ್ವಲ್ಪ ಆಮ್ಲೀಯ, pH ನಾಲ್ಕೂವರೆಯ ಆಸುಪಾಸು. ಆ pH ನಲ್ಲಿ ಫಾಸ್ಫೇಟಿನ ನೂರಕ್ಕೆ 99 ಭಾಗ H₂PO₄⁻ ರೂಪದಲ್ಲೇ ಇರುತ್ತದೆ. ಹಾಗಾಗಿ ಎಡಗಡೆ ಅದನ್ನೇ ಬರೆಯಬೇಕು:

Ca²⁺(aq) + H₂PO₄⁻(aq) + 2H₂O(l) ⇌ CaHPO₄·2H₂O(s) + H⁺(aq)

ಚಾರ್ಜ್ ತಾಳೆ: ಎಡಗಡೆ +1, ಬಲಗಡೆ +1. ಸರಿ.

ಬಲಗಡೆ ಹುಟ್ಟಿದ H⁺ ನೋಡಿ. ಅದು ಸೇರುತ್ತಾ ಹೋದ ಹಾಗೆ ನೀರು ಇನ್ನೂ ಹುಳಿಯಾಗಿ, ಕ್ರಿಯೆ ತಾನೇ ನಿಂತುಬಿಡುತ್ತದೆ. ಮಳೆನೀರಿನಲ್ಲಿ ಬೆರೆಸಿದರೆ ಹಿಟ್ಟು ಸ್ವಲ್ಪವೇ ಬರುವುದು ಇದರಿಂದ. ಆದರೆ ಬೋರ್ ನೀರಿನಲ್ಲಿ ಬೈಕಾರ್ಬನೇಟ್ ಇದೆ. ಅದು ಆ H⁺ ಅನ್ನು ತಿಂದುಹಾಕುತ್ತದೆ. ಆಗ ಕ್ರಿಯೆಗೆ ತಡೆ ಇರಲ್ಲ:

Ca²⁺(aq) + H₂PO₄⁻(aq) + HCO₃⁻(aq) + H₂O(l) → CaHPO₄·2H₂O(s) + CO₂(g)

ಇಲ್ಲಿ (g) ಅಂದರೆ ಅನಿಲ. ಅಂದರೆ ಎರಡು ಲವಣ ಬೆರೆಸಿದೆವು ಅಂದುಕೊಂಡಿದ್ದರೂ, ಬೋರ್ ನೀರು ತಾನೇ ಮೂರನೇ ದ್ರಾವಣವಾಗಿ ಕ್ರಿಯೆಯಲ್ಲಿ ಪಾಲು ತೆಗೆದುಕೊಂಡಿದೆ. ಲೆಕ್ಕ ಮಾಡುವಾಗ ಅದನ್ನು ಬಿಟ್ಟರೆ ಉತ್ತರ ತಪ್ಪುತ್ತದೆ.

ಜಿಪ್ಸಮ್ಮಿನ ಹಾಗೆ ಇದನ್ನು ತೆಳು ಮಾಡಿ ಪಾರಾಗಬಹುದಾ? ಅಷ್ಟು ಧೈರ್ಯ ಹೇಳೋಕಾಗಲ್ಲ. CaHPO₄·2H₂O ದ Ksp ಸುಮಾರು 2.6 × 10⁻⁷, ಜಿಪ್ಸಮ್ಮಿಗಿಂತ ನೂರು ಪಟ್ಟಿಗೂ ಹೆಚ್ಚು ಕಮ್ಮಿ. ಗಡಸು ನೀರಿನ ಪೈಪಿನಲ್ಲಿ 50 ಪಟ್ಟು ತೆಳುವಾದ ಮೇಲೂ ಈ ಮಿತಿಯ ಹತ್ತಿರವೋ ಮೇಲೋ ಇರುವ ಸಾಧ್ಯತೆ ಇದೆ. ಆದ್ದರಿಂದ ಫಾಸ್ಫೇಟ್ ಬಿಡುವ ದಿನ ಕ್ಯಾಲ್ಸಿಯಂ ಗೊಬ್ಬರವನ್ನು ಹತ್ತಿರಕ್ಕೂ ತರದಿರುವುದು, ನೀರು ತುಂಬಾ ಗಡಸಿದ್ದರೆ ಆಮ್ಲೀಯವಾದ ಫಾಸ್ಫೇಟನ್ನೇ ಆರಿಸುವುದು ಒಳ್ಳೆಯದು.

ಆಸಿಡ್ ಹಾಕಿದರೂ ಬಿಡದ ಕಟ್ಟು

ನಾನು ಹೋಗುವ ಮುಂಚೆಯೇ ದೊಡ್ಡಪ್ಪ ಲೈನಿಗೆ ಒಂದು ಸಲ ಆಸಿಡ್ ಬಿಟ್ಟಿದ್ದರಂತೆ. ಡ್ರಿಪ್ ಕಟ್ಟಿಕೊಂಡರೆ ಹೈಡ್ರೋಕ್ಲೋರಿಕ್ ಆಸಿಡ್ ಬಿಡುವುದು ರೂಢಿ. "ಮುಂಚೆಲ್ಲಾ ಬಿಟ್ಕತಿತ್ತು, ಈ ಸಲ ಬಿಡ್ಲೇ ಇಲ್ಲ. ಅದಕ್ಕೇ ಕಲಬೆರಕೆ ಅಂದಿದ್ದು," ಅಂದರು. ಅವರ ಅನುಮಾನಕ್ಕೆ ಮೂಲ ಅದೇ ಆಗಿತ್ತು. ಇದಕ್ಕೂ ನಿವ್ವಳ ಸಮೀಕರಣವೇ ಉತ್ತರ.

ಮುಂಚೆ ಕಟ್ಟುತ್ತಿದ್ದದ್ದು ಗಡಸು ನೀರಿನ ಕ್ಯಾಲ್ಸಿಯಂ ಕಾರ್ಬನೇಟ್. ಅದಕ್ಕೆ ಆಸಿಡ್ ಬಿದ್ದರೆ:

CaCO₃(s) + 2H⁺(aq) → Ca²⁺(aq) + CO₂(g) + H₂O(l)

ನೊರೆ ಬಂದು ಕರಗಿ ಹೋಗುತ್ತದೆ. ಫಾಸ್ಫೇಟ್ ಕಟ್ಟಿದ್ದರೆ:

CaHPO₄·2H₂O(s) + H⁺(aq) → Ca²⁺(aq) + H₂PO₄⁻(aq) + 2H₂O(l)

ನೊರೆ ಬರಲ್ಲ, ಆದರೆ ಕರಗುತ್ತದೆ. ಈ ಎರಡರಲ್ಲೂ H⁺ ಗೆ ಒಂದು ಕೆಲಸ ಇದೆ. ಕಾರ್ಬನೇಟ್, ಫಾಸ್ಫೇಟ್ ಎರಡೂ H⁺ ಅನ್ನು ಆಸೆಯಿಂದ ಹಿಡಿದುಕೊಳ್ಳುವ ಅಯಾನುಗಳು. ಸಲ್ಫೇಟ್‌ಗೆ ಆ ಆಸೆ ಕಮ್ಮಿ. ಅದರ ಆಮ್ಲ ಪ್ರಬಲ ಆಮ್ಲ, ಸಲ್ಫ್ಯೂರಿಕ್. ಹಾಗಾಗಿ ಜಿಪ್ಸಮ್ಮಿನ ಮೇಲೆ ಆಸಿಡ್ ಸುರಿದರೆ H⁺ ಬಹುಮಟ್ಟಿಗೆ ಪ್ರೇಕ್ಷಕನಾಗಿಯೇ ಉಳಿಯುತ್ತದೆ. ಕ್ಲೋರೈಡ್ ಅಂತೂ ಪ್ರೇಕ್ಷಕನೇ. ಆಸಿಡ್ ಖರ್ಚು, ಕಟ್ಟು ಹಾಗೇ.

ನಾವು ಮಾಡಿದ ಪರೀಕ್ಷೆ ಇಷ್ಟೇ. ಫಿಲ್ಟರಿನ ಹಿಟ್ಟು ಒಂದು ಚಮಚ ಗಾಜಿನ ಲೋಟದಲ್ಲಿ ಹಾಕಿ, ತೆಳು ಮಾಡಿದ ಆಸಿಡ್ ಒಂದೆರಡು ಹನಿ ಬಿಟ್ಟೆವು. (ತೆಳು ಮಾಡುವಾಗ ನೀರಿಗೆ ಆಸಿಡ್ ಹಾಕಬೇಕು, ಆಸಿಡ್‌ಗೆ ನೀರಲ್ಲ.) ನೊರೆ ಇಲ್ಲ, ಕರಗಲೂ ಇಲ್ಲ. ಮಣ್ಣೋ ಮರಳೋ ಆಗಿದ್ದರೂ ಹೀಗೇ ಇರುತ್ತಿತ್ತಲ್ಲ? ಅದಕ್ಕೆ ಇನ್ನೊಂದು ಚಿಟಿಕೆ, ಒಂದು ಗ್ರಾಮಿನಷ್ಟು, ಎರಡು ಲೀಟರ್ ಮಳೆನೀರಿನಲ್ಲಿ ಹಾಕಿ ಆಗಾಗ ಕುಲುಕುತ್ತಾ ಇಟ್ಟೆವು. ಮಾರನೇ ದಿನ ಬೆಳಿಗ್ಗೆ ಹೆಚ್ಚುಕಮ್ಮಿ ಎಲ್ಲಾ ಕರಗಿತ್ತು. ಮರಳು ಕರಗಲ್ಲ, ಜಿಪ್ಸಂ ಕರಗುತ್ತದೆ.

ಕಲಬೆರಕೆ ವಿಷಯ ಇತ್ಯರ್ಥ ಮಾಡಿದ್ದು ಮೂರು ನೀರಿನ ಬಾಟಲಿ. ಒಂದರಲ್ಲಿ ಒಂದು ಲೀಟರ್ ಮಳೆನೀರಿಗೆ 25 ಗ್ರಾಂ ಕ್ಯಾಲ್ಸಿಯಂ ನೈಟ್ರೇಟ್, ಇನ್ನೊಂದರಲ್ಲಿ ಅಷ್ಟೇ ನೀರಿಗೆ 25 ಗ್ರಾಂ ಮೆಗ್ನೀಷಿಯಂ ಸಲ್ಫೇಟ್. ಡ್ರಮ್ಮಿನಲ್ಲಿದ್ದದ್ದೂ ಇದೇ ಪ್ರಮಾಣ. ಎರಡನ್ನೂ ಬೆಳಕಿಗೆ ಹಿಡಿದರೆ ಆಚೆ ಇರುವ ಬಾಳೆ ಗಿಡ ಸ್ಪಷ್ಟವಾಗಿ ಕಾಣುತ್ತಿತ್ತು. ಮೂಟೆಯಲ್ಲಿ ಸುಣ್ಣವೋ ಜಿಪ್ಸಮ್ಮೋ ಬೆರೆತಿದ್ದರೆ ಆಗಲೇ ತಳದಲ್ಲಿ ಕಾಣಬೇಕಿತ್ತು. ಆಮೇಲೆ ಎರಡರಿಂದಲೂ ಅರ್ಧರ್ಧ ಮೂರನೇ ಬಾಟಲಿಗೆ ಸುರಿದೆವು. ಬೆರೆತಾಗ ಎರಡೂ ಅರ್ಧ ತೆಳುವಾದವು, Q ಕಾಲು ಭಾಗಕ್ಕಿಳಿಯಿತು, ಆದರೂ Ksp ಗಿಂತ 95 ಪಟ್ಟು ಮೇಲಿದೆ. ಸ್ವಲ್ಪ ಹೊತ್ತಿಗೆ ಬಾಟಲಿ ಮಂಜಾಯಿತು, ಟೀ ಕುಡಿದು ಬರುವಷ್ಟರಲ್ಲಿ ಹಾಲಿನ ಹಾಗೆ.

ದೊಡ್ಡಪ್ಪ ಬಾಟಲಿಯನ್ನು ಬಹಳ ಹೊತ್ತು ಕೈಯಲ್ಲಿ ಹಿಡಿದು ನೋಡಿದರು. "ಅಂಗಾರೆ ಅಂಗಡಿಯವನದೇನೂ ತಪ್ಪಿಲ್ಲ ಅನ್ನು," ಅಂದರು. ಅಂಗಡಿಗೆ ಹೋಗಲಿಲ್ಲ. ಕಟ್ಟಿದ್ದ ಎರಡು ಸಾಲಿನ ಲ್ಯಾಟರಲ್ ತುದಿ ಬಿಚ್ಚಿ, ಬರೀ ನೀರನ್ನೇ ಜೋರಾಗಿ ಬಿಟ್ಟು ಹರಿಸಿದೆವು. ಅರ್ಧಕ್ಕಿಂತ ಹೆಚ್ಚು ಡ್ರಿಪ್ಪರ್ ಬಿಟ್ಟುಕೊಂಡವು. ಉಳಿದವನ್ನು ಬದಲಿಸಬೇಕಾಯಿತು.

ಈಗ ಪಂಪ್ ಮನೆಯಲ್ಲಿ ಎರಡು ಡ್ರಮ್ ಇವೆ. ಒಂದರ ಮೇಲೆ ಪೇಂಟಿನಲ್ಲಿ "ಕ್ಯಾಲ್ಸಿಯಂ" ಅಂತ ಬರೆದಿದೆ. ಹೊಸ ಗೊಬ್ಬರ ತಂದಾಗಲೆಲ್ಲ ದೊಡ್ಡಪ್ಪ ಮೊದಲು ಬೋರ್ ನೀರಿನ ಬಾಟಲಿಯಲ್ಲಿ ಡ್ರಮ್ಮಿನ ಪ್ರಮಾಣದಲ್ಲೇ ಕಲಸಿ, ಒಂದೆರಡು ಗಂಟೆ ಇಟ್ಟು, ಬೆಳಕಿಗೆ ಹಿಡಿದು ನೋಡುತ್ತಾರೆ. ಆಚೆಯ ಬಾಳೆ ಗಿಡ ಕಂಡರೆ ಮಾತ್ರ ಡ್ರಮ್ಮಿಗೆ.